ಸರಬರಾಜುದಾರ ಫೋರ್ಸ್ ಮೆಜೂರ್ ಘೋಷಿಸಿದಾಗ: ಗ್ರಾಹಕರಿಗೆ ಏನು ಬರೆಯಬೇಕು, ಯಾವ ತಾರೀಕು ಕೊಡಬೇಕು

ಕಚ್ಚಾವಸ್ತು ಕೊಡುವವರಿಂದ ಶುಕ್ರವಾರ ಸಂಜೆ ಒಂದು ಪತ್ರ ಬರುತ್ತದೆ: ಸ್ಥಾವರದಲ್ಲಿ ಅವಘಡವಾಗಿದೆ, ಕೈಮೀರಿದ ಘಟನೆಯಿಂದ ಕರಾರು ಪಾಲಿಸಲಾಗುತ್ತಿಲ್ಲ ಎಂದು ಫೋರ್ಸ್ ಮೆಜೂರ್ ಘೋಷಿಸಿದ್ದೇವೆ, ಪೂರೈಕೆ ಕಡಿತವಾಗುತ್ತದೆ. ನಮ್ಮ ಸಣ್ಣ ಕಾರ್ಖಾನೆಗಳಲ್ಲಿ ಮುಂದೆ ಆಗುವುದು ಹೆಚ್ಚಾಗಿ ಒಂದೇ. ಮೇಲೆ ಎರಡು ಸಾಲು ಬರೆದು ಆ ಪತ್ರವನ್ನು ಹಾಗೇ ಎಲ್ಲ ಗ್ರಾಹಕರಿಗೂ ಫಾರ್ವರ್ಡ್ ಮಾಡಿಬಿಡುತ್ತಾರೆ. ಈ ಬರಹ ಮುಖ್ಯವಾಗಿ ಆ ಒಂದು ತಪ್ಪಿನ ಕುರಿತದ್ದು.

ಸರಬರಾಜುದಾರನ ಪತ್ರ ಅವನಿಗೂ ನಿಮಗೂ ಇರುವ ಕರಾರಿನ ಮೇಲೆ ನಿಂತಿದೆ. ನಿಮಗೂ ನಿಮ್ಮ ಗ್ರಾಹಕನಿಗೂ ಇರುವುದು ಬೇರೆಯೇ ಕರಾರು. ಅವನಿಗೆ ವಿನಾಯಿತಿ ಸಿಕ್ಕಿತೆಂದ ಮಾತ್ರಕ್ಕೆ ನಿಮಗೂ ಸಿಗುವುದಿಲ್ಲ. ಅದಲ್ಲದೆ ಗ್ರಾಹಕನ ಯೋಜನಾ ವಿಭಾಗಕ್ಕೆ ಬೇಕಿರುವುದು ಯಾವ ದೇಶದ ಯಾವ ಸ್ಥಾವರ ನಿಂತಿತು ಎಂಬ ಸುದ್ದಿಯಲ್ಲ. ತಮ್ಮ ಉತ್ಪಾದನಾ ಲೈನ್ ಯಾವ ವಾರ ನಿಲ್ಲುತ್ತದೆ ಎಂಬುದು ಅವರಿಗೆ ಬೇಕು, ಮತ್ತು ಅದನ್ನು ಲೆಕ್ಕ ಹಾಕಿ ಹೇಳಬಲ್ಲವರು ನೀವೇ.

ವಿಷಯ ಗಾಳಿಯಲ್ಲಿ ತೇಲದಿರಲು ಒಂದು ಮಾದರಿ ಲೆಕ್ಕ ಹಿಡಿದು ನಡೆಯೋಣ. ಪೀಣ್ಯದಲ್ಲಿ ಒಂದು ಇಂಜೆಕ್ಷನ್ ಮೋಲ್ಡಿಂಗ್ ಘಟಕವಿದೆ ಎಂದುಕೊಳ್ಳಿ. ಗಾಜಿನೆಳೆ ಬೆರೆತ ನೈಲಾನ್ 66 ಹರಳುಗಳಿಂದ ವಾಹನಗಳ ವೈರಿಂಗ್ ಕ್ಲಿಪ್ ಮಾಡುತ್ತದೆ. ಹರಳು ಹಡಗಿನಲ್ಲಿ ಬರುತ್ತದೆ, ಸಾಗಣೆಗೆ 3 ವಾರ ಬೇಕು. ಗ್ರಾಹಕರು ಮೂವರು: ಹೊಸೂರಿನಲ್ಲೊಬ್ಬರು, ನರಸಾಪುರದಲ್ಲೊಬ್ಬರು, ಅಮೆರಿಕದಲ್ಲೊಬ್ಬರು. ಸರಬರಾಜುದಾರನ ಸ್ಥಾವರದಲ್ಲಿ ಅವಘಡವಾದದ್ದು ಮೇ 30ಕ್ಕೆ, ಅವನು ಪತ್ರ ಬರೆದದ್ದು ಜೂನ್ 5ಕ್ಕೆ, ನಿಮ್ಮ ಕೈಗೆ ಬಂದದ್ದು ಜೂನ್ 6, ಶುಕ್ರವಾರ.

ಮೊದಲು ನೋಡಬೇಕಾದದ್ದು ಗಡುವು

ಫೋರ್ಸ್ ಮೆಜೂರ್ ಕಲಂ ಇರುವ ಬಹುತೇಕ ಕರಾರುಗಳಲ್ಲಿ ಇಷ್ಟು ದಿನದೊಳಗೆ ನೋಟಿಸ್ ಕೊಡಬೇಕು ಎಂಬ ಮಾತಿರುತ್ತದೆ. ಆ ದಿನಗಳನ್ನು ಎಲ್ಲಿಂದ ಎಣಿಸಬೇಕು ಎಂಬುದನ್ನು ಕಣ್ಣಿಟ್ಟು ಓದಿ. 'ನಮಗೆ ತಿಳಿದ ದಿನದಿಂದ 7 ದಿನ' ಎಂದಿದ್ದರೆ ಜೂನ್ 13ರವರೆಗೆ ಸಮಯವಿದೆ. 'ಘಟನೆ ನಡೆದ ದಿನದಿಂದ 7 ದಿನ' ಎಂದಿದ್ದರೆ ಗಡುವು ಮುಗಿಯುವುದು ಜೂನ್ 6ಕ್ಕೆ, ಅಂದರೆ ಪತ್ರ ನಿಮ್ಮ ಕೈಸೇರಿದ ಇದೇ ಸಂಜೆಗೆ. ಸರಬರಾಜುದಾರ ಆರು ದಿನ ಸುಮ್ಮನೆ ಕುಳಿತದ್ದಕ್ಕೆ ದಂಡ ತೆರುವವರು ನೀವಾಗುತ್ತೀರಿ.

ಸರ್ಕಾರಿ ಖರೀದಿಯಲ್ಲಿ ಇದು ಇನ್ನೂ ಬಿಗಿ. ಕೇಂದ್ರ ಹಣಕಾಸು ಸಚಿವಾಲಯದ 2017ರ ಸರಕು ಖರೀದಿ ಕೈಪಿಡಿ, ಘಟನೆಯಾದ ಕೂಡಲೇ ನೋಟಿಸ್ ಕೊಡಬೇಕು, ಆಮೇಲೆ ಹಿಂದಿನ ದಿನಾಂಕಕ್ಕೆ ಕೇಳುವಂತಿಲ್ಲ ಎಂದಿತ್ತು. ಅಡಚಣೆ 90 ದಿನ ಮೀರಿದರೆ ಯಾವ ಪಕ್ಷ ಬೇಕಾದರೂ ಹಣಕಾಸಿನ ಹೊರೆಯಿಲ್ಲದೆ ಕರಾರು ಮುಗಿಸಬಹುದು ಎಂದೂ ಅದರಲ್ಲಿತ್ತು.

ಹೀಗಾಗಿ ಪೂರ್ತಿ ಮಾಹಿತಿಗೆ ಕಾಯಬೇಡಿ. ಅದೇ ಸಂಜೆ ಮೂವರಿಗೂ ಐದಾರು ಸಾಲಿನ ಮೊದಲ ಸೂಚನೆ ಹೋಗಲಿ: ಇಂಥ ವಸ್ತುವಿನ ಪೂರೈಕೆಗೆ ಅಡಚಣೆಯಾಗಿದೆ, ಇಂಥ ಆದೇಶಗಳಿಗೆ ತೊಂದರೆಯಾಗಬಹುದು, ಪರಿಣಾಮದ ಲೆಕ್ಕ ಮಂಗಳವಾರ ಕಳಿಸುತ್ತೇವೆ, ಕರಾರಿನಡಿ ನಮಗಿರುವ ಹಕ್ಕುಗಳನ್ನು ಕಾಯ್ದಿರಿಸಿದ್ದೇವೆ. ಕಳಿಸುವ ಮುಂಚೆ ಗ್ರಾಹಕನ ಖರೀದಿ ಅಧಿಕಾರಿಗೆ ಫೋನ್ ಮಾಡಿ ಬಾಯಲ್ಲೇ ಹೇಳಿ. ಆದರೆ ಫೋನ್ ನೋಟಿಸ್ ಅಲ್ಲ, ವಾಟ್ಸಾಪ್ ಕೂಡ ಸಾಮಾನ್ಯವಾಗಿ ಅಲ್ಲ. ಕರಾರಿನಲ್ಲಿ ನೋಟಿಸ್ ಕಳಿಸಬೇಕಾದ ವಿಳಾಸ ಎಂದು ಏನಿದೆಯೋ ಅಲ್ಲಿಗೆ, ಅದು ಹೇಳಿದ ವಿಧಾನದಲ್ಲೇ ಹೋಗಬೇಕು. ದಿನನಿತ್ಯ ಮಾತಾಡುವ ಖರೀದಿ ಅಧಿಕಾರಿಗೆ ಮೇಲ್ ಹಾಕಿ, ಕರಾರು ಹೇಳಿದ ರಿಜಿಸ್ಟರ್ಡ್ ಕಚೇರಿಯನ್ನು ಮರೆಯುವುದು ತುಂಬ ಸಾಮಾನ್ಯ.

ಸರಬರಾಜುದಾರನ ಪತ್ರದಲ್ಲಿ ಇಲ್ಲದ್ದನ್ನು ಕೇಳಿ ಪಡೆಯುವುದು

ಇಂಥ ಪತ್ರಗಳನ್ನು ವಕೀಲರು ಬರೆದಿರುತ್ತಾರೆ. ಬೇಕಾದಷ್ಟು ಅಸ್ಪಷ್ಟವಾಗಿರುತ್ತವೆ. ಶನಿವಾರವೇ ಅವರಿಗೆ ಲಿಖಿತವಾಗಿ ಕೇಳಬೇಕಾದವು: ಯಾವ ಗ್ರೇಡ್‌ಗಳಿಗೆ ಅನ್ವಯ, ಈಗಾಗಲೇ ಒಪ್ಪಿಕೊಂಡ ಆದೇಶಗಳಿಗೂ ಅನ್ವಯವೇ ಅಥವಾ ಹೊಸವಕ್ಕೆ ಮಾತ್ರವೇ, ಹಡಗೇರಿದ ಸರಕು ನಿಜಕ್ಕೂ ನಮ್ಮ ಹೆಸರಿನಲ್ಲೇ ಬರುತ್ತಿದೆಯೇ, ನಮ್ಮ ಪಾಲು ಎಷ್ಟು ಮತ್ತು ಅದನ್ನು ಯಾವ ಅವಧಿಯ ಖರೀದಿ ನೋಡಿ ನಿಗದಿ ಮಾಡಿದ್ದಾರೆ, ಬೇರೆ ಸ್ಥಾವರದಿಂದ ಅದೇ ಗ್ರೇಡ್ ಕೊಡಬಲ್ಲರೇ.

ಅವರು ಕೊಡುವ 'ಪುನರಾರಂಭದ ದಿನಾಂಕ'ದ ಬಗ್ಗೆ ಎಚ್ಚರ. ನಮ್ಮ ಲೆಕ್ಕದಲ್ಲಿ ಸ್ಥಾವರ ಜುಲೈ 11ಕ್ಕೆ ಶುರುವಾಗುತ್ತದೆ ಎಂದು ಅವರು ಹೇಳಿದ್ದಾರೆ. ಅದು ಅವರ ಯಂತ್ರ ತಿರುಗುವ ದಿನ. ಸಾಗಣೆಯ 3 ವಾರ ಸೇರಿಸಿದರೆ ಪೂರ್ಣ ಪ್ರಮಾಣದ ಹರಳು ಪೀಣ್ಯಕ್ಕೆ ಬರುವುದು ಆಗಸ್ಟ್ 1ರ ಹೊತ್ತಿಗೆ. ಗ್ರಾಹಕನಿಗೆ ಜುಲೈ 11 ಎಂದು ಬರೆದುಬಿಟ್ಟರೆ ನಿಮ್ಮ ಮೊದಲ ಪತ್ರದಲ್ಲೇ 3 ವಾರದ ಸುಳ್ಳು ಸೇರಿಕೊಂಡಂತಾಯಿತು.

ಪತ್ರದ ಪ್ರತಿಯನ್ನು ಗ್ರಾಹಕ ಸಾಕ್ಷಿಯಾಗಿ ಕೇಳಿಯೇ ಕೇಳುತ್ತಾನೆ. ಗೌಪ್ಯತೆಯ ಒಪ್ಪಂದವಿದ್ದರೆ ಅದನ್ನು ಹಂಚಲು ಸರಬರಾಜುದಾರನ ಅನುಮತಿಯನ್ನು ಇದೇ ಮೇಲ್‌ನಲ್ಲಿ ಕೇಳಿಬಿಡಿ. ಬೆಲೆಯ ಸಾಲುಗಳಿದ್ದರೆ ಮಸಿ ಬಳಿಯಬೇಕು.

ಕೈಯಲ್ಲಿ ಎಷ್ಟಿದೆ: ಕಿಲೋದಿಂದ ವಾರಕ್ಕೆ

ಸೋಮವಾರ ಗೋದಾಮಿಗೆ ಹೋಗಿ ಚೀಲ ಎಣಿಸಿ. ಗಣಕದಲ್ಲಿರುವ ದಾಸ್ತಾನಿಗೂ ನೆಲದ ಮೇಲಿರುವುದಕ್ಕೂ ವ್ಯತ್ಯಾಸ ಇರುತ್ತದೆ. ಗುಣಮಟ್ಟ ವಿಭಾಗ ತಡೆಹಿಡಿದ ಲಾಟ್ ಕೂಡ ಗಣಕದಲ್ಲಿ ದಾಸ್ತಾನೆಂದೇ ತೋರುತ್ತಿರಬಹುದು.

ನಮ್ಮ ಘಟಕದಲ್ಲಿ ವಾರದ ಬಳಕೆ 1500 ಕಿಲೋ. ಇದರಲ್ಲಿ ರನ್ನರ್, ಅಂದರೆ ಅಚ್ಚಿನ ಕಾಲುವೆಯಲ್ಲಿ ಉಳಿಯುವ ಪ್ಲಾಸ್ಟಿಕ್, ಮತ್ತು ತ್ಯಾಜ್ಯ ಸೇರಿದೆ. ಗೋದಾಮಿನಲ್ಲಿ 2400 ಕಿಲೋ ಇದೆ, ಅದರಲ್ಲಿ 200 ಕಿಲೋ ತಡೆಹಿಡಿದದ್ದು. ಬಳಸಬಹುದಾದ್ದು 2200. ಸಿದ್ಧ ಕ್ಲಿಪ್‌ಗಳ ರೂಪದಲ್ಲಿ 1000 ಕಿಲೋ, ಅವಘಡಕ್ಕೆ ಮುಂಚೆಯೇ ಹಡಗೇರಿದ್ದು 1500. ಒಟ್ಟು 4700 ಕಿಲೋ. ಮುಂದಕ್ಕೆ ಸರಬರಾಜುದಾರ ಶೇ. 40ರಷ್ಟು, ಅಂದರೆ ವಾರಕ್ಕೆ 600 ಕಿಲೋ ಕೊಡುತ್ತಾನೆ. ಆದರೆ ಸಾಗಣೆಯ ಕಾರಣ ಅದು ಬರತೊಡಗುವುದು 4ನೇ ವಾರದಿಂದ. ಜೂನ್ 9ರಿಂದ ಆಗಸ್ಟ್ 1ರ ಹೊತ್ತಿನವರೆಗಿನ 8 ವಾರದಲ್ಲಿ ಅಂಥ 5 ಕಂತು ಸೇರಿ 3000 ಕಿಲೋ.

ಬೇಕಿರುವುದು 12,000, ಸಿಗುವುದು 7700. ಸುಮಾರು ಶೇ. 64.

ಈಗ ಒಂದು ತೀರ್ಮಾನ ಮಾಡಬೇಕು. ಮೊದಲ 3 ವಾರ ಎಂದಿನಂತೆ ಪೂರ್ತಿ ಓಡಿಸಬಹುದು. ಆಗ 4ನೇ ವಾರ ಅರ್ಧದಷ್ಟಕ್ಕೆ, ಆಮೇಲೆ ಶೇ. 40ಕ್ಕೆ ಕುಸಿಯುತ್ತದೆ. ಇಲ್ಲವೇ ಮೊದಲ ದಿನದಿಂದಲೇ ವಾರಕ್ಕೆ 962 ಕಿಲೋದಂತೆ ಹಂಚಬಹುದು. ಮೊದಲ ದಾರಿ ಆಕರ್ಷಕ, ಏಕೆಂದರೆ 3 ವಾರ ಯಾರೂ ಬೈಯುವುದಿಲ್ಲ. ಆದರೆ ಆ 3 ವಾರದಲ್ಲಿ ಮೊದಲು ಗಲಾಟೆ ಮಾಡಿದ ಗ್ರಾಹಕ ಹೆಚ್ಚು ಎಳೆದುಕೊಂಡಿರುತ್ತಾನೆ, ಕೊನೆಗೆ ಹಂಚಲು ಏನೂ ಉಳಿದಿರುವುದಿಲ್ಲ. ಮೊದಲ ದಿನದಿಂದಲೇ ಕಡಿತ ಮಾಡುವುದು ಮೇಲು.

ಹಂಚುವ ಅಳತೆ ಹಿಂದಿನ ತಿಂಗಳುಗಳ ಖರೀದಿಯಾಗಿರಲಿ. ಈಗ ಬಂದ ಆದೇಶಗಳನ್ನು ಅಳತೆಯಾಗಿ ಹಿಡಿಯಬೇಡಿ. ಕೊರತೆಯ ವಾಸನೆ ಬಡಿದೊಡನೆ ಆದೇಶಗಳು ಊದಿಕೊಳ್ಳುತ್ತವೆ. ಹೊಸೂರಿನವರು ಅರ್ಧ, ನರಸಾಪುರದವರು ಮೂರನೇ ಒಂದು, ಅಮೆರಿಕದವರು ಆರನೇ ಒಂದು ಭಾಗ ಕೊಳ್ಳುತ್ತಿದ್ದರೆ ವಾರಕ್ಕೆ ಕ್ರಮವಾಗಿ 481, 321, 160 ಕಿಲೋ.

ಆಮೇಲೆ ಕಿಲೋವನ್ನು ಗ್ರಾಹಕನ ಭಾಷೆಗೆ ತಿರುಗಿಸಿ. ರನ್ನರ್ ಸೇರಿ ಕ್ಲಿಪ್‌ಗೆ 10 ಗ್ರಾಂ ಎಂದರೆ ಹೊಸೂರಿಗೆ ವಾರಕ್ಕೆ 75,000 ಬೇಕು, ಹೋಗುವುದು 48,000. ವಾರಕ್ಕೆ 27,000 ಖೋತಾ. ಅವರ ಲೈನಿನ ಬಳಿ 2 ವಾರದ ದಾಸ್ತಾನು, ಅಂದರೆ 1,50,000 ಕ್ಲಿಪ್ ಇದೆ ಎಂದು ಅವರು ಹೇಳಿದರೆ, ಅದು ಐದೂವರೆ ವಾರ ಖೋತಾ ತುಂಬುತ್ತದೆ. ಜೂನ್ 9ರಿಂದ ಎಣಿಸಿದರೆ ಅವರ ಲೈನ್ ಕಾಯುವುದು ಜುಲೈ 14ರ ವಾರದಲ್ಲಿ. ಪತ್ರದಲ್ಲಿ ಇರಬೇಕಾದ ಮಾಹಿತಿ ಇದು.

ಗ್ರಾಹಕರ ದಾಸ್ತಾನು ಕೇಳಿದ್ದರಿಂದ ಇನ್ನೊಂದು ಲಾಭವಿದೆ. ಹೊಸೂರಿಗೆ 8 ವಾರದಲ್ಲಿ ಒಟ್ಟು ಖೋತಾ 2,16,000. ಅವರ ದಾಸ್ತಾನು ಕಳೆದರೆ 66,000. ಅಮೆರಿಕದವರಿಗೆ ಕಡಲಲ್ಲೂ ಗೋದಾಮಿನಲ್ಲೂ ಸೇರಿ 6 ವಾರದ ಮಾಲಿದೆ ಎನ್ನಿ. ಅವರು ಮೊದಲ 4 ವಾರದ ಪಾಲು ಬಿಟ್ಟುಕೊಟ್ಟರೆ 640 ಕಿಲೋ, ಅಂದರೆ ಹೊಸೂರಿನ 64,000 ಕ್ಲಿಪ್. ಎಲ್ಲರಿಗೂ ಒಂದೇ ಗ್ರೇಡ್ ಆದ್ದರಿಂದ ಅಚ್ಚು ಬದಲಿಸಿದರೆ ಸಾಕು. ಉಳಿದ 4 ವಾರದ ಪಾಲು ಮತ್ತು ಇರುವ ಮಾಲಿನಲ್ಲಿ ಅಮೆರಿಕದವರು 8 ವಾರ ದಾಟುತ್ತಾರೆ. ನರಸಾಪುರದವರ ಬಳಿ 3 ವಾರದ ದಾಸ್ತಾನಿದ್ದರೆ ಅವರೂ ಅಂಚಿನಲ್ಲಿ ಪಾರಾಗುತ್ತಾರೆ. ಆದರೆ ಅಮೆರಿಕದವರ ಒಪ್ಪಿಗೆ ಬರವಣಿಗೆಯಲ್ಲಿ ಬರಬೇಕು. ಕೇಳದೆ ಅವರ ಪಾಲನ್ನು ಹೊಸೂರಿಗೆ ಕೊಟ್ಟರೆ, ಅವರಿಗಾದ ವಿಳಂಬಕ್ಕೆ ಕಾರಣ ಅವಘಡವಲ್ಲ, ನಿಮ್ಮ ಆಯ್ಕೆ ಎಂದಾಗುತ್ತದೆ. ಸ್ಥಾವರದ ಪುನರಾರಂಭ 2 ವಾರ ಮುಂದೆ ಹೋದರೂ ಈ ಹೊಂದಾಣಿಕೆ ಮುರಿಯುತ್ತದೆ, ಎಲ್ಲರ ದಾಸ್ತಾನೂ ಆಗ ತಳ ಕಂಡಿರುತ್ತದೆ. ಅದನ್ನೂ ಹೇಳಿಯೇ ಒಪ್ಪಿಗೆ ಕೇಳಿ.

ಮೂರು ಕರಾರು, ಮೂರು ಪತ್ರ

ಭಾರತೀಯ ಕರಾರು ಕಾಯ್ದೆ, 1872ರಲ್ಲಿ ಫೋರ್ಸ್ ಮೆಜೂರ್ ಎಂಬ ಪದವಿಲ್ಲ. ಕರಾರಿನಲ್ಲೇ ಕಲಂ ಇದ್ದರೆ ಅದು 32ನೇ ಸೆಕ್ಷನ್‌ನಡಿ ನಡೆಯುತ್ತದೆ. ಇಲ್ಲದಿದ್ದರೆ ಉಳಿಯುವುದು 56ನೇ ಸೆಕ್ಷನ್, ಅಂದರೆ ಕೆಲಸ ಅಸಾಧ್ಯವಾಯಿತು ಎಂದು ತೋರಿಸುವುದು. ಅದರ ಮಟ್ಟ ಎತ್ತರದ್ದು. ದುಬಾರಿಯಾಯಿತು ಎಂಬುದು ಅಸಾಧ್ಯವಾಯಿತು ಎಂದಾಗುವುದಿಲ್ಲ. 2017ರ ಎನರ್ಜಿ ವಾಚ್‌ಡಾಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಇಂಡೋನೇಷ್ಯಾದ ಕಾನೂನು ಬದಲಾಗಿ ಅಲ್ಲಿನ ಕಲ್ಲಿದ್ದಲು ದುಬಾರಿಯಾದಾಗ ವಿದ್ಯುತ್ ಕಂಪನಿಗಳು ವಿನಾಯಿತಿ ಕೇಳಿದ್ದವು. ಕಲ್ಲಿದ್ದಲು ಇಂಡೋನೇಷ್ಯಾದಿಂದಲೇ ಬರಬೇಕು ಎಂಬುದು ಕರಾರಿನ ಬುನಾದಿಯಾಗಿರಲಿಲ್ಲ, ಬೆಲೆ ಏರಿಕೆ ಫೋರ್ಸ್ ಮೆಜೂರ್ ಅಲ್ಲ ಎಂದು ತೀರ್ಪು ಬಂತು.

ನಮ್ಮ ಲೆಕ್ಕಕ್ಕೆ ಇದು ನೇರವಾಗಿ ಅನ್ವಯಿಸುತ್ತದೆ. ಡ್ರಾಯಿಂಗ್‌ನಲ್ಲಿ 'ನೈಲಾನ್ 66, ಶೇ. 30 ಗಾಜಿನೆಳೆ' ಎಂದಷ್ಟೇ ಇದ್ದರೆ, ಮಾರುಕಟ್ಟೆಯಲ್ಲಿ ಬೇರೆಯವರ ಹರಳು ಕೊಳ್ಳಬಹುದಿತ್ತಲ್ಲ ಎಂದು ಗ್ರಾಹಕ ಕೇಳುತ್ತಾನೆ. ಇಂಥ ಕಂಪನಿಯ ಇಂಥ ಗ್ರೇಡ್ ಎಂದು ಡ್ರಾಯಿಂಗ್ ಅಥವಾ ಪಿಪಿಎಪಿ, ಅಂದರೆ ಬಿಡಿಭಾಗಕ್ಕೆ ಗ್ರಾಹಕನ ಅನುಮೋದನೆ ಪಡೆದ ಕಡತದಲ್ಲಿ ನಮೂದಾಗಿದ್ದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. ಆ ಸರಬರಾಜುದಾರನನ್ನು ಗ್ರಾಹಕನೇ ಸೂಚಿಸಿದ್ದರೆ ಇನ್ನೂ ಬಲ. ಪತ್ರ ಬರೆಯುವ ಮುಂಚೆ ಈ ಕಾಗದಗಳನ್ನು ತೆಗೆದಿಟ್ಟುಕೊಳ್ಳಿ.

ಹೊಸೂರಿನ ಕರಾರಿನಲ್ಲಿ ಫೋರ್ಸ್ ಮೆಜೂರ್ ಕಲಂ ಇದೆ, 'ಅನುಮೋದಿತ ಸರಬರಾಜುದಾರನ ಅಡಚಣೆ'ಯೂ ಅದರೊಳಗಿದೆ ಎಂದುಕೊಳ್ಳೋಣ. ಅಲ್ಲಿಗೆ ಕಲಂ ಸಂಖ್ಯೆ ಹಾಕಿ ನೇರವಾಗಿ ಫೋರ್ಸ್ ಮೆಜೂರ್ ನೋಟಿಸ್ ಕೊಡಬಹುದು.

ನರಸಾಪುರದ ಕರಾರಿನಲ್ಲಿ ಕಲಂ ನಿಮ್ಮ ಸ್ವಂತ ಕಾರ್ಖಾನೆಯ ಬೆಂಕಿ, ಪ್ರವಾಹ, ಮುಷ್ಕರಕ್ಕೆ ಮಾತ್ರ ಇದೆ. ಅಲ್ಲಿಗೆ 'ಫೋರ್ಸ್ ಮೆಜೂರ್ ಘೋಷಿಸುತ್ತೇವೆ' ಎಂದು ಬರೆಯುವುದು ದುಡುಕು. ಸಲ್ಲದ ಘೋಷಣೆ ಮಾಡಿ ಮಾಲು ನಿಲ್ಲಿಸಿದರೆ ಕರಾರು ಮುರಿದವರು ನೀವೇ ಎಂದಾಗಬಹುದು. ಅಲ್ಲಿಗೆ ಹೋಗಬೇಕಾದದ್ದು ವಿಳಂಬದ ಸೂಚನೆ, ಪರಿಷ್ಕೃತ ವೇಳಾಪಟ್ಟಿ ಮತ್ತು ಅವಧಿ ವಿಸ್ತರಣೆಯ ಕೋರಿಕೆ. ಹಕ್ಕುಗಳನ್ನು ಕಾಯ್ದಿರಿಸುವ ಒಂದು ಸಾಲು ಸಾಕು.

ಅಮೆರಿಕದ ಕರಾರು ಅಲ್ಲಿನ ಏಕರೂಪ ವಾಣಿಜ್ಯ ಸಂಹಿತೆಯಡಿ ಇದ್ದರೆ 2-615ನೇ ಕಲಂ ಅನ್ವಯಿಸುತ್ತದೆ. ವಿನಾಯಿತಿ ಬೇಕಾದ ಮಾರಾಟಗಾರ ಇರುವ ಮಾಲನ್ನು ಗ್ರಾಹಕರಲ್ಲಿ ನ್ಯಾಯವಾಗಿ ಹಂಚಬೇಕು, ವಿಳಂಬವನ್ನೂ ಗ್ರಾಹಕನಿಗೆ ಸಿಗುವ ಅಂದಾಜು ಪಾಲನ್ನೂ ಸಕಾಲಕ್ಕೆ ತಿಳಿಸಬೇಕು ಎಂದು ಅದು ಹೇಳುತ್ತದೆ. ಹೀಗಾಗಿ ಅವರ ಪತ್ರದಲ್ಲಿ ಪಾಲಿನ ಅಂಕಿ ಇರಲೇಬೇಕು. ನೋಟಿಸ್ ಪಡೆದ ಗ್ರಾಹಕ ಸಮಂಜಸ ಕಾಲದಲ್ಲಿ, ಹೆಚ್ಚೆಂದರೆ 30 ದಿನದಲ್ಲಿ, ಪರಿಷ್ಕೃತ ಪಾಲನ್ನು ಒಪ್ಪದಿದ್ದರೆ ಬಾಧಿತ ಕಂತುಗಳ ಮಟ್ಟಿಗೆ ಕರಾರು ಬಿದ್ದುಹೋಗುತ್ತದೆ ಎಂಬುದು 2-616ರಲ್ಲಿದೆ. ಅವರ ಮೌನವನ್ನು ಒಪ್ಪಿಗೆ ಎಂದುಕೊಳ್ಳಬೇಡಿ.

ಪತ್ರದ ಒಡಲು

ಹೊಸೂರಿನವರಿಗೆ ಹೋಗುವ ಪತ್ರ ಹೀಗಿರಬಹುದು. ಕರಾರಿನ ಭಾಷೆ ಇಂಗ್ಲಿಷ್ ಆಗಿದ್ದರೆ ಇದೇ ಹೂರಣವನ್ನು ಇಂಗ್ಲಿಷ್‌ನಲ್ಲಿ ಬರೆಯಿರಿ.

> ವಿಷಯ: ನಮ್ಮ ಪೂರೈಕೆ ಕರಾರಿನ ಫೋರ್ಸ್ ಮೆಜೂರ್ ಕಲಮಿನಡಿ ನೋಟಿಸ್, ಬಾಧಿತ ಖರೀದಿ ಆದೇಶಗಳು ಲಗತ್ತು 1ರಲ್ಲಿವೆ.
>
> ಮಾನ್ಯರೆ,
>
> ಜೂನ್ 6ರಂದು ನಾವು ಕಳಿಸಿದ ಪ್ರಾಥಮಿಕ ಸೂಚನೆಯ ಮುಂದುವರಿಕೆ ಇದು. ನೀವು ಅನುಮೋದಿಸಿದ ನೈಲಾನ್ 66 ಗ್ರೇಡ್ ತಯಾರಿಸುವ ಸ್ಥಾವರದಲ್ಲಿ ಮೇ 30ರಂದು ಅವಘಡವಾಗಿದ್ದು, ತಯಾರಕರು ಫೋರ್ಸ್ ಮೆಜೂರ್ ಘೋಷಿಸಿದ್ದಾರೆ. ಈ ಮಾಹಿತಿ ನಮಗೆ ತಲುಪಿದ್ದು ಜೂನ್ 6ರಂದು. ಅವರ ಪತ್ರದ ಪ್ರತಿ ಲಗತ್ತು 2.
>
> ಜೂನ್ 9ರಿಂದ ಆಗಸ್ಟ್ 2ರವರೆಗೆ ವಾರಕ್ಕೆ 75,000 ಕ್ಲಿಪ್‌ಗಳ ಬದಲು 48,000 ಕಳಿಸಬಲ್ಲೆವು. ವಾರವಾರದ ಪಟ್ಟಿ ಲಗತ್ತು 3. ನೀವು ತಿಳಿಸಿದ ದಾಸ್ತಾನಿನ ಪ್ರಕಾರ ಜುಲೈ 14ರ ವಾರದಲ್ಲಿ ನಿಮಗೆ ಕೊರತೆ ತಟ್ಟಬಹುದು. ಈ ಅಂದಾಜು ತಯಾರಕರ ಪುನರಾರಂಭದ ದಿನಾಂಕ ಮತ್ತು 3 ವಾರದ ಸಾಗಣೆಯನ್ನು ನಂಬಿದೆ. ಅವು ಬದಲಾದರೆ ಪಟ್ಟಿಯೂ ಬದಲಾಗುತ್ತದೆ.
>
> ಕೊರತೆ ತಗ್ಗಿಸಲು ಬದಲಿ ಗ್ರೇಡ್‌ನ ಮಾದರಿ ತರಿಸುತ್ತಿದ್ದೇವೆ, ಇತರ ಗ್ರಾಹಕರೊಡನೆ ಪಾಲು ಹೊಂದಾಣಿಕೆಗೆ ಮಾತಾಡುತ್ತಿದ್ದೇವೆ. ಬದಲಿ ಗ್ರೇಡ್ ಪರೀಕ್ಷೆಗೆ ನಿಮ್ಮ ಒಪ್ಪಿಗೆಯನ್ನು ಜೂನ್ 13ರೊಳಗೆ ಕೋರುತ್ತೇವೆ.
>
> ಲಗತ್ತು 1ರ ಆದೇಶಗಳ ಪೂರೈಕೆ ಅವಧಿಯನ್ನು ಲಗತ್ತು 3ರಂತೆ, ವಿಳಂಬ ದಂಡವಿಲ್ಲದೆ ವಿಸ್ತರಿಸಿ ತಿದ್ದುಪಡಿ ಕೊಡಬೇಕಾಗಿ ಕೋರಿಕೆ. ಪ್ರತಿ ಬುಧವಾರ ಸ್ಥಿತಿಗತಿ ತಿಳಿಸುತ್ತೇವೆ. ಕರಾರು ಮತ್ತು ಕಾನೂನಿನಡಿಯ ನಮ್ಮ ಹಕ್ಕುಗಳನ್ನು ಕಾಯ್ದಿರಿಸಿದ್ದೇವೆ.

ಕಲಂ ಸಂಖ್ಯೆ, ಆದೇಶದ ಸಂಖ್ಯೆಗಳನ್ನು ನಿಮ್ಮ ಕಾಗದ ನೋಡಿ ತುಂಬಿ. ಇತರ ಗ್ರಾಹಕರ ಹೆಸರಾಗಲಿ, ಅವರ ಪಾಲಾಗಲಿ ಪತ್ರದಲ್ಲಿ ಬೇಡ. 'ಶೀಘ್ರದಲ್ಲೇ', 'ಅನಿರ್ದಿಷ್ಟಾವಧಿ' ಎಂಬ ಪದಗಳೂ ಬೇಡ. ಮೊದಲನೆಯದನ್ನು ಯಾರೂ ಯೋಜನೆಗೆ ಹಾಕಲಾರರು, ಎರಡನೆಯದು ಬೇರೆ ಸರಬರಾಜುದಾರನನ್ನು ಹುಡುಕಿ ಎಂಬ ಆಹ್ವಾನ. ಬೆಲೆ ಏರಿಕೆಯ ಮಾತನ್ನು ಇದೇ ಪತ್ರಕ್ಕೆ ಸೇರಿಸಬೇಡಿ. ಸೇರಿಸಿದರೆ ಇದು ಅಸಾಧ್ಯದ ಕಥೆಯಲ್ಲ, ಲಾಭದ ಕಥೆ ಎಂದು ಓದುಗನಿಗೆ ಅನ್ನಿಸುತ್ತದೆ.

ಬದಲಿ ವಸ್ತುವಿನ ಆಸೆ

ಈ ಹೊತ್ತಿನಲ್ಲಿ ಅಂಗಡಿಯವರೊಬ್ಬರು ನೈಲಾನ್ 6 ಹರಳು ಕೂಡಲೇ ಕೊಡುತ್ತೇವೆ ಎಂದು ಬರುತ್ತಾರೆ. ಅಚ್ಚಿನಿಂದ ಹೊರಬಂದ ಕ್ಲಿಪ್ ಕಣ್ಣಿಗೆ ಒಂದೇ ಥರ ಕಾಣುತ್ತದೆ. ಆದರೆ ನೈಲಾನ್ 66 ಕರಗುವುದು ಸುಮಾರು 260 ಡಿಗ್ರಿಯಲ್ಲಿ, ನೈಲಾನ್ 6 ಸುಮಾರು 220ರಲ್ಲಿ. ಎಂಜಿನ್ ಪಕ್ಕದ ಬಿಸಿಗೆ ಲೆಕ್ಕ ಹಾಕಿ ಆರಿಸಿದ ವಸ್ತುವನ್ನು ಕೇಳದೆ ಬದಲಿಸಿದರೆ, ವಿಳಂಬದ ತಗಾದೆ ಹೋಗಿ ವಾಹನ ಹಿಂಪಡೆಯುವ ತಗಾದೆ ಬರುತ್ತದೆ. ಅದೇ ನೈಲಾನ್ 66ರ ಬೇರೆ ಕಂಪನಿಯ ಗ್ರೇಡ್ ಆದರೂ, ಪಿಪಿಎಪಿ ನಿಯಮದಂತೆ ವಸ್ತು ಬದಲಾವಣೆಯನ್ನು ಗ್ರಾಹಕನಿಗೆ ಮೊದಲೇ ತಿಳಿಸಿ ಅನುಮೋದನೆ ಪಡೆಯಬೇಕು.

ಅನುಮೋದನೆಗೆ ಸಮಯ ಹಿಡಿಯುತ್ತದೆ, ಆದ್ದರಿಂದಲೇ ಕೋರಿಕೆ ಮೊದಲ ಪತ್ರದಲ್ಲೇ ಹೋಗಬೇಕು. 2012ರ ಮಾರ್ಚ್ 31ರಂದು ಜರ್ಮನಿಯ ಮಾರ್ಲ್‌ನಲ್ಲಿ ಎವೋನಿಕ್ ಕಂಪನಿಯ ಸ್ಥಾವರಕ್ಕೆ ಬೆಂಕಿ ಬಿದ್ದು, ವಾಹನಗಳ ಇಂಧನ ಮತ್ತು ಬ್ರೇಕ್ ಕೊಳವೆಗಳಿಗೆ ಬೇಕಾದ ನೈಲಾನ್ 12ಕ್ಕೆ ಜಗತ್ತಿನಾದ್ಯಂತ ಕೊರತೆಯಾಯಿತು. ಏಪ್ರಿಲ್‌ನಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ವಾಹನ ಉದ್ಯಮದವರೆಲ್ಲ ಒಟ್ಟಾಗಿ ಕುಳಿತು ಮಾತಾಡಿದ ಮುಖ್ಯ ವಿಷಯಗಳಲ್ಲಿ ಬದಲಿ ವಸ್ತುಗಳ ಪರೀಕ್ಷೆಯನ್ನು ಬೇಗ ಮುಗಿಸುವುದು ಹೇಗೆ ಎಂಬುದೂ ಒಂದು.

ತಡವಾಗಿ ಹೋದ ಮಾಲು ಮತ್ತು 55ನೇ ಸೆಕ್ಷನ್

ಗ್ರಾಹಕ ತಡವಾದ ಮಾಲನ್ನು ಸುಮ್ಮನೆ ಇಳಿಸಿಕೊಂಡ ಎಂದಿಟ್ಟುಕೊಳ್ಳಿ. ಸಮಯವೇ ಮುಖ್ಯವಾದ ಕರಾರಿನಲ್ಲಿ, ತಡವಾದ ಮಾಲು ಸ್ವೀಕರಿಸುವಾಗಲೇ ನಷ್ಟ ಕೇಳುವ ಉದ್ದೇಶವನ್ನು ತಿಳಿಸದಿದ್ದರೆ ಆಮೇಲೆ ಕೇಳುವಂತಿಲ್ಲ ಎಂದು ಕರಾರು ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಇದನ್ನೇ ನಂಬಿ ಕೂರಬೇಡಿ. ದೊಡ್ಡ ಖರೀದಿದಾರರ ಅವಧಿ ವಿಸ್ತರಣೆ ಪತ್ರದಲ್ಲೇ 'ವಿಳಂಬ ದಂಡದ ಹಕ್ಕು ಕಾಯ್ದಿರಿಸಿ' ಎಂಬ ಸಾಲು ಇರುತ್ತದೆ. ವಿಸ್ತರಣೆ ಸಿಕ್ಕಿತೆಂದು ಖುಷಿಪಟ್ಟವರು ಬಿಲ್ ಪಾವತಿಯಾದಾಗ ಕಡಿತ ಕಾಣುತ್ತಾರೆ. ಆ ಸಾಲು ಕಂಡರೆ ಅದೇ ವಾರ ಲಿಖಿತ ಆಕ್ಷೇಪ ಹೋಗಬೇಕು, ಫೋರ್ಸ್ ಮೆಜೂರ್ ನೋಟಿಸ್‌ನ ದಿನಾಂಕ ಉಲ್ಲೇಖಿಸಿ.

ಗಣಕದಲ್ಲಿನ ಹಳೆಯ ತಾರೀಕುಗಳನ್ನೂ ತಿದ್ದುಪಡಿ ಬಂದ ದಿನವೇ ಬದಲಿಸಿ. ಇಲ್ಲದಿದ್ದರೆ ಗ್ರಾಹಕನ ಪೋರ್ಟಲ್ ನಿಮ್ಮನ್ನು ವಾರವಾರ ವಿಳಂಬಿ ಎಂದು ಎಣಿಸುತ್ತಲೇ ಇರುತ್ತದೆ, ಅಂಕ ಕುಸಿದ ಮೇಲೆ ಸರಿಪಡಿಸುವುದು ಕಷ್ಟ.

ಮುಗಿಯುವುದು ಯಾವಾಗ

ಬುಧವಾರದ ಪತ್ರ ಹೊಸದೇನೂ ಇಲ್ಲದಿದ್ದರೂ ಹೋಗಲಿ: ಹಡಗು ಎಲ್ಲಿದೆ, ಎಷ್ಟು ಕಳಿಸಿದೆವು, ತಾರೀಕು ಬದಲಾಗಿದೆಯೇ. ಮೂರೇ ಸಾಲು ಸಾಕು. ಒಂದು ವಾರ ತಪ್ಪಿದರೆ ನಿಮ್ಮ ಕಡೆಯಿಂದ ನಷ್ಟ ತಗ್ಗಿಸುವ ಯತ್ನ ನಿಂತಿತು ಎಂದು ವಾದಿಸಲು ಗ್ರಾಹಕನಿಗೆ ಅವಕಾಶ ಸಿಗುತ್ತದೆ.

ಸರಬರಾಜುದಾರ ಜುಲೈ 11ಕ್ಕೆ 'ಫೋರ್ಸ್ ಮೆಜೂರ್ ಹಿಂತೆಗೆದಿದ್ದೇವೆ' ಎಂದು ಬರೆದ ದಿನ ಒಂದು ಹೊಸ ಇಕ್ಕಟ್ಟು ಶುರುವಾಗುತ್ತದೆ. ಘಟನೆ ಮುಗಿದೊಡನೆ ವಿನಾಯಿತಿಯೂ ಮುಗಿಯುತ್ತದೆ ಎಂದು ಗ್ರಾಹಕ ವಾದಿಸಬಹುದು, ಆದರೆ ಹರಳು ಇನ್ನೂ ಕಡಲಲ್ಲಿದೆ. ಹೀಗಾಗಿ ಅವರ ಪತ್ರ ಬಂದ ದಿನವೇ ಗ್ರಾಹಕರಿಗೆ ಬರೆಯಿರಿ: ತಯಾರಕರ ಅಡಚಣೆ ಮುಗಿದಿದೆ, ಅದರ ಪರಿಣಾಮ ಆಗಸ್ಟ್ 1ರ ಹೊತ್ತಿಗೆ ಬರುವ ಸರಕಿನವರೆಗೂ ಮುಂದುವರಿಯುತ್ತದೆ, ಸರಕು ಹಡಗೇರಿದ್ದಕ್ಕೆ ದಾಖಲೆಯಾದ ಬಿಲ್ ಆಫ್ ಲೇಡಿಂಗ್ ಪ್ರತಿ ಬಂದೊಡನೆ ಕಳಿಸುತ್ತೇವೆ. ಬಾಕಿ ತುಂಬಿಕೊಡುವ ಪಟ್ಟಿಯೂ ಜೊತೆಗಿರಲಿ. ಯಂತ್ರಗಳು ಎಂದಿನ 1500 ಕಿಲೋ ಮೇಲೆ ವಾರಕ್ಕೆ ಎಷ್ಟು ಹೆಚ್ಚು ಓಡಬಲ್ಲವು ಎಂದು ಶಾಪ್ ಫ್ಲೋರ್‌ನವರನ್ನು ಕೇಳಿಯೇ ಆ ಪಟ್ಟಿ ಮಾಡಿ. 4300 ಕಿಲೋ ಖೋತಾವನ್ನು ವಾರಕ್ಕೆ 300 ಕಿಲೋ ಹೆಚ್ಚುವರಿಯಂತೆ ತುಂಬಿದರೆ 14 ವಾರಕ್ಕೂ ಮೇಲೆ ಬೇಕು. ಅಷ್ಟು ಕಾಲ ಕಾಯುವ ಬದಲು ಬಾಕಿಯ ಒಂದು ಭಾಗವನ್ನು ರದ್ದು ಮಾಡಿ ಎಂದು ಗ್ರಾಹಕರೇ ಹೇಳಬಹುದು. ಹೇಳಿದರೆ ಅದನ್ನೂ ಖರೀದಿ ಆದೇಶದ ತಿದ್ದುಪಡಿಯಾಗಿಯೇ ಪಡೆದಿಟ್ಟುಕೊಳ್ಳಿ.